ಫಲಿತಾಂಶದ ನಂತರದ ಸೆಳವು: ಕೊಳ್ಳುವುದಕ್ಕಿಂತ ಮುಖ್ಯ ಹೊರಬರುವ ದಿನ

2013ರ ಜನವರಿ 11ರಂದು ಬೆಂಗಳೂರಿನ ಇನ್ಫೋಸಿಸ್ ತನ್ನ ಡಿಸೆಂಬರ್ ತ್ರೈಮಾಸಿಕದ ಫಲಿತಾಂಶ ಪ್ರಕಟಿಸಿತು. ಪೇಟೆ ನಿರೀಕ್ಷಿಸಿದ್ದಕ್ಕಿಂತ ಲೆಕ್ಕ ಚೆನ್ನಾಗಿತ್ತು. ವರ್ಷದ ಆದಾಯದ ಮುನ್ನೋಟವನ್ನೂ ಕಂಪನಿ ಏರಿಸಿತ್ತು. ಹಿಂದಿನ ದಿನ ಸುಮಾರು 2,320 ರೂಪಾಯಿ ಇದ್ದ ಷೇರು ಅಂದು ಸಂಜೆ 2,710ರ ಆಸುಪಾಸಿನಲ್ಲಿ ನಿಂತಿತು. ಒಂದೇ ದಿನದಲ್ಲಿ ಶೇ. 17ರಷ್ಟು ಏರಿಕೆ. "ಇನ್ನೇನು ಉಳಿದಿದೆ, ಏರುವುದೆಲ್ಲ ಏರಿಯಾಯಿತು" ಎಂದು ಅಂದು ಕೈಕಟ್ಟಿ ಕುಳಿತವರು ಅನೇಕರು. ಆದರೆ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಅದೇ ಷೇರು 2,900 ರೂಪಾಯಿಗಳನ್ನು ದಾಟಿತ್ತು. ಅದೇ ಮೂರು ತಿಂಗಳಲ್ಲಿ ನಿಫ್ಟಿ ಸೂಚ್ಯಂಕ ಇಳಿದಿತ್ತು ಎಂಬುದು ಗಮನಾರ್ಹ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಏಪ್ರಿಲ್ 12ರಂದು ಮುಂದಿನ ಫಲಿತಾಂಶ ಬಂತು. ಹೊಸ ವರ್ಷಕ್ಕೆ ಕಂಪನಿ ಕೊಟ್ಟ ಆದಾಯ ಬೆಳವಣಿಗೆಯ ಮುನ್ನೋಟ ಶೇ. 6ರಿಂದ 10 ಮಾತ್ರ. ಅಂದು ಷೇರು ಶೇ. 21ರಷ್ಟು ಕುಸಿದು 2,300 ರೂಪಾಯಿಗಳ ಸಮೀಪಕ್ಕೆ, ಅಂದರೆ ಜನವರಿಯ ಜಿಗಿತಕ್ಕೆ ಮುಂಚೆ ಇದ್ದ ಜಾಗಕ್ಕೇ, ಮರಳಿತು. (ಇವು ಅಂದಿನ ಬೆಲೆಗಳು, ಆ ಬಳಿಕ ಕಂಪನಿ ಬೋನಸ್ ಷೇರುಗಳನ್ನು ನೀಡಿದೆ.)

ಅನಿರೀಕ್ಷಿತ ಫಲಿತಾಂಶ ಬಂದ ಮೇಲೆ ಷೇರು ಒಂದೇ ದಿನದಲ್ಲಿ ತನ್ನ ಹೊಸ ಬೆಲೆಗೆ ಹೋಗಿ ನಿಲ್ಲದೆ, ಮುಂದಿನ ಹಲವು ವಾರಗಳ ಕಾಲ ಅದೇ ದಿಕ್ಕಿನಲ್ಲಿ ನಿಧಾನವಾಗಿ ಸರಿಯುತ್ತಾ ಹೋಗುವುದುಂಟು. ಪೇಟೆಯ ಭಾಷೆಯಲ್ಲಿ ಇದಕ್ಕೆ 'ಪೋಸ್ಟ್ ಅರ್ನಿಂಗ್ಸ್ ಡ್ರಿಫ್ಟ್' ಎಂಬ ಹೆಸರಿದೆ. ನಾವು ಇದನ್ನು ಫಲಿತಾಂಶದ ನಂತರದ ಸೆಳವು ಎನ್ನಬಹುದು. ಈ ಸೆಳವಿನ ಮೇಲೆ ವಹಿವಾಟು ನಡೆಸುವ ಪದ್ಧತಿಯ ಲಾಭವೂ ಅಪಾಯವೂ ಇನ್ಫೋಸಿಸ್‌ನ ಆ ಮೂರು ತಿಂಗಳಲ್ಲಿ ಅಡಗಿವೆ. ಒಂದು ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲ, ನಿಜ. ಆದರೆ ಈ ಪದ್ಧತಿಗೆ ನಿಯಮಗಳು ಏಕೆ ಬೇಕು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಸಂಶೋಧನೆ ಏನು ಹೇಳುತ್ತದೆ?

ಲೆಕ್ಕಪತ್ರ ಶಾಸ್ತ್ರದ ವಿದ್ವಾಂಸರಾದ ರೇ ಬಾಲ್ ಮತ್ತು ಫಿಲಿಪ್ ಬ್ರೌನ್ 1968ರಲ್ಲೇ ಇದನ್ನು ಗುರುತಿಸಿದ್ದರು. ವಿಕ್ಟರ್ ಬರ್ನಾರ್ಡ್ ಮತ್ತು ಜೇಕಬ್ ಥಾಮಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಖಚಿತ ರೂಪ ಕೊಟ್ಟಿತು. 1974ರಿಂದ 1986ರವರೆಗಿನ ಅಮೆರಿಕದ ಕಂಪನಿಗಳ 80 ಸಾವಿರಕ್ಕೂ ಹೆಚ್ಚು ತ್ರೈಮಾಸಿಕ ಫಲಿತಾಂಶಗಳನ್ನು ಅವರು ಪರಿಶೀಲಿಸಿದರು. ಅತ್ಯಂತ ಒಳ್ಳೆಯ ಅಚ್ಚರಿ ಕೊಟ್ಟ ಹತ್ತನೇ ಒಂದು ಭಾಗದ ಷೇರುಗಳನ್ನು ಕೊಂಡು, ಅತ್ಯಂತ ಕೆಟ್ಟ ಅಚ್ಚರಿ ಕೊಟ್ಟ ಹತ್ತನೇ ಒಂದು ಭಾಗವನ್ನು ಮಾರಿದ್ದರೆ, 60 ವಹಿವಾಟು ದಿನಗಳಲ್ಲಿ ಸುಮಾರು ಶೇ. 4.2ರಷ್ಟು ಹೆಚ್ಚುವರಿ ಪ್ರತಿಫಲ ಸಿಗುತ್ತಿತ್ತು ಎಂದು ಅವರು ತೋರಿಸಿದರು.

ಹೀಗೇಕಾಗುತ್ತದೆ? ಒಳ್ಳೆಯ ತ್ರೈಮಾಸಿಕದ ಬೆನ್ನಲ್ಲೇ ಮತ್ತೊಂದು ಒಳ್ಳೆಯ ತ್ರೈಮಾಸಿಕ ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ಹೂಡಿಕೆದಾರರು ಪೂರ್ತಿಯಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ ಎಂಬುದು ಬರ್ನಾರ್ಡ್ ಮತ್ತು ಥಾಮಸ್ ಅವರ ವಿವರಣೆ. ವಿಶ್ಲೇಷಕರು ತಮ್ಮ ಅಂದಾಜುಗಳನ್ನು ಒಂದೇ ಬಾರಿಗೆ ತಿದ್ದದೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ದೊಡ್ಡ ಸಂಸ್ಥೆಗಳಿಗೂ ಬೇಕಾದಷ್ಟು ಷೇರು ಕೊಳ್ಳಲು ವಾರಗಳು ಹಿಡಿಯುತ್ತವೆ.

ಈ ಚಿತ್ರದ ಇನ್ನೊಂದು ಮುಖವನ್ನೂ ಓದುಗರು ತಿಳಿದಿರಬೇಕು. ಸೆಳವು ಬಲವಾಗಿ ಕಂಡಿದ್ದು ಸಣ್ಣ ಕಂಪನಿಗಳಲ್ಲಿ. ಅಲ್ಲಿ ಕೊಳ್ಳುವ ಮಾರುವ ವೆಚ್ಚವೂ ಹೆಚ್ಚು. ಕಾಗದದ ಮೇಲಿನ ಈ ಲಾಭದ ಬಹುಪಾಲನ್ನು ವಹಿವಾಟು ವೆಚ್ಚವೇ ನುಂಗುತ್ತದೆ ಎಂದು 2009ರಲ್ಲಿ ತರುಣ್ ಚೋರ್ಡಿಯಾ ಮತ್ತು ಸಂಗಡಿಗರ ಅಧ್ಯಯನ ಹೇಳಿತು. ಅಮೆರಿಕದ ದೊಡ್ಡ ಷೇರುಗಳಲ್ಲಿ ಈ ಸೆಳವು ಈಗ ಉಳಿದೇ ಇಲ್ಲ ಎಂದು 2022ರಲ್ಲಿ ಪ್ರಕಟವಾದ ಚಾರ್ಲ್ಸ್ ಮಾರ್ಟಿನೋ ಅವರ ಪ್ರಬಂಧ ವಾದಿಸಿತು. ಆದ್ದರಿಂದ ಇದನ್ನು ಕೈಗೆ ಸಿಕ್ಕ ನಿಧಿ ಎಂದು ಭಾವಿಸಬಾರದು. ಇದು ಸರಾಸರಿಯಲ್ಲಿ ಮಾತ್ರ ಕಾಣುವ, ಸಣ್ಣದೊಂದು ಅನುಕೂಲ. ಅದನ್ನು ಉಳಿಸಿಕೊಳ್ಳುವುದೂ ಕಳೆದುಕೊಳ್ಳುವುದೂ ನಿಯಮಗಳನ್ನು ಅವಲಂಬಿಸಿದೆ.

ಅಚ್ಚರಿಯನ್ನು ಅಳೆಯುವುದು

ಲಾಭ ಹೆಚ್ಚಿದ ಮಾತ್ರಕ್ಕೆ ಅದು ಅಚ್ಚರಿಯಲ್ಲ. ಪ್ರತಿ ವರ್ಷ ಶೇ. 20ರಷ್ಟು ಬೆಳೆಯುವ ಕಂಪನಿ ಈ ಬಾರಿಯೂ ಶೇ. 20ರಷ್ಟು ಬೆಳೆದರೆ ಪೇಟೆಗೆ ಅದರಲ್ಲಿ ಹೊಸದೇನಿಲ್ಲ. ಅಳತೆಯ ಸರಳ ವಿಧಾನ ಹೀಗಿದೆ: ಈ ತ್ರೈಮಾಸಿಕದ ಪ್ರತಿ ಷೇರಿನ ಗಳಿಕೆಯಿಂದ ಹಿಂದಿನ ವರ್ಷದ ಇದೇ ತ್ರೈಮಾಸಿಕದ ಗಳಿಕೆಯನ್ನು ಕಳೆಯಬೇಕು. ಕಳೆದ ಎಂಟು ತ್ರೈಮಾಸಿಕಗಳಲ್ಲಿ ಇಂಥ ವ್ಯತ್ಯಾಸ ಎಷ್ಟು ಏರಿಳಿತ ಕಂಡಿದೆಯೋ ಆ ಮಾನಕ ವಿಚಲನೆಯಿಂದ ಅದನ್ನು ಭಾಗಿಸಬೇಕು. ಬಂದ ಸಂಖ್ಯೆ 2ಕ್ಕಿಂತ ಹೆಚ್ಚಿದ್ದರೆ ಆ ಕಂಪನಿಯ ಮಟ್ಟಿಗೆ ಅದು ಅಪರೂಪದ ಬೆಳವಣಿಗೆ ಎನ್ನಬಹುದು.

ಎರಡನೆಯ ಸಾಕ್ಷಿ ಪೇಟೆಯದು. ಫಲಿತಾಂಶಕ್ಕೆ ಷೇರು ಹೇಗೆ ಪ್ರತಿಕ್ರಿಯಿಸಿತು ಎಂಬುದನ್ನು ಸೂಚ್ಯಂಕದ ಏರಿಕೆಯನ್ನು ಕಳೆದು ನೋಡಬೇಕು. ಷೇರು ಶೇ. 6 ಏರಿದ ದಿನ ನಿಫ್ಟಿ ಶೇ. 2 ಏರಿದ್ದರೆ ಫಲಿತಾಂಶದ ಪಾಲು ಶೇ. 4 ಮಾತ್ರ. ಗಳಿಕೆಯ ಲೆಕ್ಕ ಮತ್ತು ಪೇಟೆಯ ಪ್ರತಿಕ್ರಿಯೆ ಎರಡೂ ಒಂದೇ ದಿಕ್ಕಿನಲ್ಲಿದ್ದಾಗ ಮಾತ್ರ ಮುಂದುವರಿಯುವುದು ಕ್ಷೇಮ. ಲಾಭ ಜಿಗಿದರೂ ಷೇರು ಕುಸಿದಿದ್ದರೆ, ಮುನ್ನೋಟದಲ್ಲೋ ಆರ್ಡರ್‌ಗಳಲ್ಲೋ ಸಾಲದಲ್ಲೋ ಪೇಟೆ ಬೇರೇನನ್ನೋ ಕಂಡಿದೆ ಎಂದರ್ಥ.

ಮೂರನೆಯದಾಗಿ ಫಲಿತಾಂಶದ ಪಟ್ಟಿಯನ್ನೇ ಓದಬೇಕು. ಜಮೀನು ಮಾರಿ ಬಂದ ಹಣ, ತೆರಿಗೆಯ ಮರುಪಾವತಿ, ಅಂಗಸಂಸ್ಥೆಯ ಮಾರಾಟ ಇವೆಲ್ಲ ನಿವ್ವಳ ಲಾಭವನ್ನು ಉಬ್ಬಿಸುತ್ತವೆ. 'ಇತರ ಆದಾಯ' ಮತ್ತು 'ಅಸಾಧಾರಣ ಬಾಬತ್ತು' ಎಂಬ ಎರಡು ಸಾಲುಗಳನ್ನು ತೆಗೆದಿಟ್ಟ ಮೇಲೂ ಅಚ್ಚರಿ ಉಳಿದಿದೆಯೇ ಎಂದು ನೋಡಬೇಕು. ಮಾರಾಟದ ಮೊತ್ತ ನಿಂತಲ್ಲೇ ನಿಂತು ಲಾಭ ಮಾತ್ರ ಏರಿದ್ದರೆ ಮುಂದಿನ ತ್ರೈಮಾಸಿಕದಲ್ಲಿ ಅದು ಮರುಕಳಿಸುವ ಭರವಸೆ ಕಡಿಮೆ.

ಪ್ರವೇಶ ಯಾವಾಗ?

ಅನೇಕ ಕಂಪನಿಗಳು ಮಧ್ಯಾಹ್ನ 3.30ಕ್ಕೆ ಪೇಟೆ ಮುಚ್ಚಿದ ಮೇಲೆ ಫಲಿತಾಂಶ ಪ್ರಕಟಿಸುತ್ತವೆ. ಹಾಗಿದ್ದಾಗ ಪ್ರತಿಕ್ರಿಯೆಯ ದಿನ ಮರುದಿನವೇ ಹೊರತು ಫಲಿತಾಂಶದ ದಿನವಲ್ಲ. ಹಳೆಯ ಅಂಕಿ ಅಂಶಗಳ ಮೇಲೆ ಈ ಪದ್ಧತಿಯನ್ನು ಪರೀಕ್ಷಿಸುವವರು ಎಡವುವುದು ಇಲ್ಲಿಯೇ. ಸಂಜೆ 6 ಗಂಟೆಗೆ ಬಂದ ಫಲಿತಾಂಶವನ್ನು ನೋಡಿ ಅದೇ ದಿನ 3.30ರ ಬೆಲೆಗೆ ಕೊಂಡಂತೆ ಲೆಕ್ಕ ಹಾಕಿದರೆ ಯಾರಿಗೂ ಸಿಗದ ಲಾಭ ಕಾಗದದ ಮೇಲೆ ಸಿಗುತ್ತದೆ.

ಪ್ರತಿಕ್ರಿಯೆಯ ದಿನ ಬೆಳಿಗ್ಗೆ ಪೇಟೆ ತೆರೆದೊಡನೆ ಧಾವಿಸಬೇಕಿಲ್ಲ. ಮೊದಲ ಗಂಟೆಯ ಬೆಲೆ ಉದ್ವೇಗದ ಬೆಲೆ. ದಿನ ಮುಗಿಯುವವರೆಗೆ ಕಾದು, ಷೇರು ಅಂದಿನ ಏರಿಳಿತದ ಮೇಲಿನ ಅರ್ಧದಲ್ಲಿ ನಿಂತಿದೆಯೇ, ವಹಿವಾಟಿನ ಪ್ರಮಾಣ ಕಳೆದ 20 ದಿನಗಳ ಸರಾಸರಿಯ ಕನಿಷ್ಠ ಎರಡು ಪಟ್ಟಾದರೂ ಇದೆಯೇ ಎಂದು ನೋಡಿ, ಅದರ ಮರುದಿನ ಕೊಳ್ಳುವುದು ಒಂದು ಒಪ್ಪಬಹುದಾದ ನಿಯಮ. ಮರುದಿನವೂ ಷೇರು ಶೇ. 3ಕ್ಕಿಂತ ಮೇಲೆ ತೆರೆದರೆ ಬಿಟ್ಟುಬಿಡಬೇಕು. ವಾರಗಟ್ಟಲೆ ನಿರೀಕ್ಷಿಸುವ ಸೆಳವಿನ ಬಹುಭಾಗವನ್ನು ಆಗಲೇ ಕೊಟ್ಟಂತಾಗುತ್ತದೆ.

ಕೆಟ್ಟ ಫಲಿತಾಂಶದ ಷೇರುಗಳನ್ನು ಮೊದಲೇ ಮಾರಿ ನಂತರ ಕೊಳ್ಳುವ ದಾರಿ ನಮ್ಮಲ್ಲಿ ಸಾಮಾನ್ಯ ಹೂಡಿಕೆದಾರರಿಗೆ ಕಿರಿದು. ನಗದು ಪೇಟೆಯಲ್ಲಿ ಹಾಗೆ ಮಾರಿದ್ದನ್ನು ಅಂದೇ ಮರಳಿ ಕೊಳ್ಳಬೇಕಾಗುತ್ತದೆ. ವಾರಗಟ್ಟಲೆ ಇಟ್ಟುಕೊಳ್ಳಲು ಫ್ಯೂಚರ್ಸ್ ಬೇಕು. ಅದರ ಕನಿಷ್ಠ ಗುತ್ತಿಗೆಯ ಮೊತ್ತವೇ ಹಲವು ಲಕ್ಷ ರೂಪಾಯಿ. ಹಾಗಾಗಿ ಕೊಳ್ಳುವ ಬದಿಯೊಂದೇ ಇಲ್ಲಿ ಚರ್ಚೆಯಲ್ಲಿದೆ. ಅಧ್ಯಯನದ ಶೇ. 4.2 ಎರಡೂ ಬದಿಗಳನ್ನು ಸೇರಿಸಿದ ಅಂಕಿ ಎಂಬುದನ್ನು ಮರೆಯುವಂತಿಲ್ಲ.

ಎಷ್ಟು ದಿನ ಇಟ್ಟುಕೊಳ್ಳಬೇಕು?

ಹೊರಬರುವ ದಾರಿಗಳು ಮೂರು. ಯಾವುದು ಮೊದಲು ಬರುತ್ತದೋ ಅದೇ ಅಂತಿಮ. ಒಂದು, ಬೆಲೆ ಪ್ರತಿಕ್ರಿಯೆಯ ದಿನದ ಕನಿಷ್ಠ ಬೆಲೆಗಿಂತ ಕೆಳಗಿಳಿಯುವುದು. ಇದನ್ನು ಸ್ಟಾಪ್‌ಲಾಸ್ ಎನ್ನುತ್ತಾರೆ. ಅಚ್ಚರಿಯ ಸುದ್ದಿಯನ್ನು ಪೇಟೆ ತಿರಸ್ಕರಿಸಿದೆ ಎಂಬುದರ ಸೂಚನೆ ಅದು. ಎರಡು, 60 ವಹಿವಾಟು ದಿನ ಮುಗಿಯುವುದು. ಮೂರು, ಮುಂದಿನ ಫಲಿತಾಂಶದ ದಿನಾಂಕಕ್ಕೆ ಎರಡು ವಹಿವಾಟು ದಿನ ಬಾಕಿ ಇರುವುದು.

ಈ ಮೂರನೆಯ ನಿಯಮವೇ ಪದ್ಧತಿಯ ಜೀವಾಳ. ಇನ್ಫೋಸಿಸ್ ಷೇರನ್ನು 2013ರ ಜನವರಿಯಲ್ಲಿ ಕೊಂಡು ಏಪ್ರಿಲ್ 10ರೊಳಗೆ ಮಾರಿದವನು ಲಾಭದಲ್ಲಿದ್ದ. ಎರಡು ದಿನ ಹೆಚ್ಚು ಇಟ್ಟುಕೊಂಡವನು ಲಾಭವನ್ನಷ್ಟೇ ಅಲ್ಲ, ಬಂಡವಾಳದ ಒಂದು ಭಾಗವನ್ನೂ ಕಳೆದುಕೊಂಡ. "ಕಳೆದ ಬಾರಿ ಚೆನ್ನಾಗಿತ್ತು, ಈ ಬಾರಿಯೂ ಇರುತ್ತದೆ" ಎಂಬ ನಂಬಿಕೆಗೆ ಸಂಶೋಧನೆಯ ಆಧಾರವೂ ಒಂದಿಷ್ಟು ಇದೆ. ಆದರೆ ಅದು ಸಾವಿರಾರು ಕಂಪನಿಗಳ ಸರಾಸರಿಯ ಮಾತು. ನಾಲ್ಕೈದು ಷೇರು ಹಿಡಿದವನಿಗೆ ಒಂದೇ ಒಂದು ಶೇ. 20ರ ಕುಸಿತ ವರ್ಷದ ಗಳಿಕೆಯನ್ನು ಅಳಿಸಬಲ್ಲದು.

ದಿನಾಂಕವನ್ನು ಊಹಿಸಿ ಕೂರುವಂತಿಲ್ಲ. ತ್ರೈಮಾಸಿಕ ಮುಗಿದು 45 ದಿನಗಳೊಳಗೆ, ವಾರ್ಷಿಕ ಲೆಕ್ಕವಾದರೆ 60 ದಿನಗಳೊಳಗೆ ಫಲಿತಾಂಶ ಕೊಡಬೇಕೆಂಬುದು ಸೆಬಿ ನಿಯಮ. ಆ ಅವಧಿಯೊಳಗೆ ಯಾವ ದಿನವಾದರೂ ಆಗಬಹುದು. ಆಡಳಿತ ಮಂಡಳಿ ಸಭೆಯ ದಿನಾಂಕವನ್ನು ಕಂಪನಿ ಷೇರುಪೇಟೆಗೆ ಮುಂಚಿತವಾಗಿ ತಿಳಿಸುತ್ತದೆಯಾದರೂ ಆ ಮುಂಚಿತ ಎನ್ನುವುದು ಕೆಲವೇ ದಿನಗಳದ್ದಾಗಿರಬಹುದು. ತ್ರೈಮಾಸಿಕ ಮುಗಿದ ಮೇಲೆ ಷೇರುಪೇಟೆಯ ಜಾಲತಾಣದಲ್ಲಿನ ಪ್ರಕಟಣೆಗಳನ್ನು ಪ್ರತಿದಿನ ನೋಡುವುದು ಅನಿವಾರ್ಯ.

ಒಂದು ಲೆಕ್ಕ

ಇದನ್ನು ಒಂದು ಕಾಲ್ಪನಿಕ ಕಂಪನಿಯ ಮೂಲಕ ನೋಡೋಣ. ಹೂಡಿಕೆದಾರನ ಬಳಿ ಈ ಪದ್ಧತಿಗೆಂದು ಮೀಸಲಿಟ್ಟ 5 ಲಕ್ಷ ರೂಪಾಯಿ ಇದೆ. ಕಂಪನಿಯ ಪ್ರತಿ ಷೇರಿನ ಗಳಿಕೆ ಹಿಂದಿನ ವರ್ಷದ 8 ರೂಪಾಯಿಯಿಂದ 10.40 ರೂಪಾಯಿಗೆ ಏರಿದೆ. ವ್ಯತ್ಯಾಸ 2.40. ಇಂಥ ವ್ಯತ್ಯಾಸಗಳ ಎಂಟು ತ್ರೈಮಾಸಿಕಗಳ ಮಾನಕ ವಿಚಲನೆ 0.80. ಅಂದರೆ ಅಚ್ಚರಿಯ ಅಳತೆ 3. ಅಸಾಧಾರಣ ಬಾಬತ್ತು ಏನೂ ಇಲ್ಲ.

ಅಕ್ಟೋಬರ್ ಕೊನೆಯ ವಾರ ಸಂಜೆ ಫಲಿತಾಂಶ ಬಂದಾಗ ಷೇರಿನ ಬೆಲೆ 400 ರೂಪಾಯಿ. ಮರುದಿನ ಕನಿಷ್ಠ 420, ಗರಿಷ್ಠ 444 ಮುಟ್ಟಿ 440ಕ್ಕೆ ನಿಂತಿತು. ವಹಿವಾಟು ನಾಲ್ಕು ಪಟ್ಟು. ಏರಿಕೆ ಶೇ. 10, ಸೂಚ್ಯಂಕದ ಏರಿಕೆ ಶೇ. 0.5 ಕಳೆದರೆ ಶೇ. 9.5. ಅದರ ಮರುದಿನ ಹೂಡಿಕೆದಾರ 442 ರೂಪಾಯಿಗೆ ಕೊಳ್ಳುತ್ತಾನೆ. ಸ್ಟಾಪ್‌ಲಾಸ್ 418 ರೂಪಾಯಿ. ಒಂದು ಷೇರಿನ ಮೇಲೆ ಅವನು ಒಡ್ಡಿಕೊಂಡಿರುವ ನಷ್ಟ 24 ರೂಪಾಯಿ.

ಎಷ್ಟು ಷೇರು? ಇಲ್ಲಿ ಎರಡು ಮಿತಿಗಳು. ಒಂದು ವಹಿವಾಟಿನಲ್ಲಿ ಬಂಡವಾಳದ ಶೇ. 0.75ಕ್ಕಿಂತ, ಅಂದರೆ 3,750 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದು. ಅದನ್ನು 24ರಿಂದ ಭಾಗಿಸಿದರೆ 156 ಷೇರು. ಎರಡನೆಯದು, ಒಂದು ಷೇರಿನಲ್ಲಿ ಬಂಡವಾಳದ ಶೇ. 10ಕ್ಕಿಂತ, ಅಂದರೆ 50 ಸಾವಿರ ರೂಪಾಯಿಗಿಂತ ಹೆಚ್ಚು ತೊಡಗಿಸಬಾರದು. ಅದರಂತೆ 113 ಷೇರು. ಎರಡರಲ್ಲಿ ಚಿಕ್ಕದೇ ಅನ್ವಯ. ಹಾಗಾಗಿ 113 ಷೇರು. ಸ್ಟಾಪ್‌ಲಾಸ್ ಸರಿಯಾಗಿ ಕೆಲಸ ಮಾಡಿದರೆ ನಷ್ಟ 2,712 ರೂಪಾಯಿ.

ಎರಡನೆಯ ಮಿತಿ ಏಕೆ ಬೇಕು? ಏಕೆಂದರೆ ಸ್ಟಾಪ್‌ಲಾಸ್ ಎಂಬುದು ಕೋರಿಕೆ, ಖಾತರಿಯಲ್ಲ. ರಾತ್ರೋರಾತ್ರಿ ಕೆಟ್ಟ ಸುದ್ದಿ ಬಂದು ಬೆಳಿಗ್ಗೆ ಷೇರು 354 ರೂಪಾಯಿಗೆ ತೆರೆದರೆ 418ರಲ್ಲಿ ಮಾರಲು ಯಾರಿಂದಲೂ ಸಾಧ್ಯವಿಲ್ಲ. ಅಂಥ ಶೇ. 20ರ ಕುಸಿತದಲ್ಲೂ 113 ಷೇರುಗಳ ನಷ್ಟ ಸುಮಾರು 10 ಸಾವಿರ ರೂಪಾಯಿ, ಬಂಡವಾಳದ ಶೇ. 2. ಪೆಟ್ಟು ನೋವಿನದೇ ಆದರೂ ಪ್ರಾಣಾಂತಿಕವಲ್ಲ.

ಹೂಡಿಕೆದಾರನ ಅದೃಷ್ಟಕ್ಕೆ ಷೇರು ಏರಿತು ಎಂದುಕೊಳ್ಳೋಣ. ಜನವರಿಯಲ್ಲಿ ಕಂಪನಿ ಮುಂದಿನ ಸಭೆಯ ದಿನಾಂಕ ಪ್ರಕಟಿಸಿತು. 60 ದಿನ ತುಂಬದಿದ್ದರೂ 55ನೆಯ ವಹಿವಾಟು ದಿನ ಆತ 478 ರೂಪಾಯಿಗೆ ಮಾರಿದ. ಲಾಭ 4,068 ರೂಪಾಯಿ. ಕೊಳ್ಳುವಾಗಲೂ ಮಾರುವಾಗಲೂ ಶೇ. 0.1ರ ಷೇರು ವಹಿವಾಟು ತೆರಿಗೆ, ಮುದ್ರಾಂಕ ಶುಲ್ಕ, ದಲ್ಲಾಳಿ ಶುಲ್ಕ, ಬಯಸಿದ ಬೆಲೆಗೂ ಸಿಕ್ಕ ಬೆಲೆಗೂ ಇರುವ ಅಂತರ ಎಲ್ಲ ಸೇರಿ ಶೇ. 0.5 ಎಂದಿಟ್ಟುಕೊಂಡರೆ ಸುಮಾರು 260 ರೂಪಾಯಿ ಕಳೆಯಬೇಕು. ಉಳಿಯುವುದು 3,800. ಇದರ ಮೇಲೆ ಶೇ. 20ರ ಅಲ್ಪಾವಧಿ ಬಂಡವಾಳ ಲಾಭ ತೆರಿಗೆ ಬೇರೆ. ಈ ದರ 2024ರ ಜುಲೈ 23ರಿಂದ ಜಾರಿಯಲ್ಲಿದೆ.

ಸ್ಟಾಪ್‌ಲಾಸ್ ತಗುಲಿದ್ದರೆ ವೆಚ್ಚ ಸೇರಿ ನಷ್ಟ ಸುಮಾರು 2,960 ರೂಪಾಯಿ. ಗೆದ್ದಾಗ 3,800, ಸೋತಾಗ 2,960 ಎಂಬುದೇ ಸರಾಸರಿಯಾದರೆ, ನಷ್ಟವಿಲ್ಲದೆ ಉಳಿಯಲು 100 ವಹಿವಾಟುಗಳಲ್ಲಿ 44 ಗೆಲ್ಲಬೇಕು. 50 ಗೆದ್ದರೆ ತೆರಿಗೆಗೆ ಮುನ್ನ ಪ್ರತಿ ವಹಿವಾಟಿಗೆ ಸರಾಸರಿ 420 ರೂಪಾಯಿ ಉಳಿಯುತ್ತದೆ. ತೊಡಗಿಸಿದ 50 ಸಾವಿರಕ್ಕೆ ಇದು ಶೇ. 1ಕ್ಕೂ ಕಡಿಮೆ. 42 ಮಾತ್ರ ಗೆದ್ದರೆ ನಷ್ಟ. ಗೆಲುವಿಗೂ ಸೋಲಿಗೂ ನಡುವಿನ ಗೆರೆ ಎಷ್ಟು ತೆಳು ಎಂಬುದು ಇದರಿಂದ ವೇದ್ಯವಾಗುತ್ತದೆ.

ಒಟ್ಟು ಹೊರೆಯ ಮಿತಿ

ಒಂದೊಂದು ವಹಿವಾಟಿಗೆ ಮಿತಿ ಹಾಕಿದರೆ ಸಾಲದು. ಫಲಿತಾಂಶಗಳು ಗುಂಪಾಗಿ ಬರುತ್ತವೆ. ಮಾಹಿತಿ ತಂತ್ರಜ್ಞಾನ ಕಂಪನಿಗಳು ತ್ರೈಮಾಸಿಕದ ಆರಂಭದ ವಾರಗಳಲ್ಲೇ ಒಂದರ ಹಿಂದೊಂದು ಪ್ರಕಟಿಸುತ್ತವೆ. ಆ ನಾಲ್ಕು ಷೇರುಗಳನ್ನು ಕೊಂಡವನು ನಾಲ್ಕು ಬೇರೆ ಬೇರೆ ಹೂಡಿಕೆ ಮಾಡಿದ್ದೇನೆಂದು ಭಾವಿಸಬಹುದು. ವಾಸ್ತವದಲ್ಲಿ ಅದು ಡಾಲರ್ ದರ ಮತ್ತು ಅಮೆರಿಕದ ಬೇಡಿಕೆಯ ಮೇಲಿನ ಒಂದೇ ದೊಡ್ಡ ಪಣ. ಆದ್ದರಿಂದ ಏಕಕಾಲಕ್ಕೆ ಆರು ಷೇರುಗಳಿಗಿಂತ ಹೆಚ್ಚಿಲ್ಲ, ಒಂದೇ ಉದ್ಯಮದಲ್ಲಿ ಎರಡಕ್ಕಿಂತ ಹೆಚ್ಚಿಲ್ಲ ಎಂಬ ಕಟ್ಟುಪಾಡು ಬೇಕು. ಮೇಲಿನ ಲೆಕ್ಕದಂತೆ ಆರು ಷೇರುಗಳೂ ಒಟ್ಟಿಗೆ ಸ್ಟಾಪ್‌ಲಾಸ್ ಮುಟ್ಟಿದರೆ ನಷ್ಟ ಸುಮಾರು 16 ಸಾವಿರ ರೂಪಾಯಿ, ಬಂಡವಾಳದ ಶೇ. 3ರ ಆಸುಪಾಸು.

ಸಣ್ಣ ಕಂಪನಿಗಳಲ್ಲಿ ಸೆಳವು ಹೆಚ್ಚೆಂದು ಅತ್ತ ಹೋಗುವವರು ಇನ್ನೊಂದನ್ನು ನೆನಪಿಡಬೇಕು. ಫ್ಯೂಚರ್ಸ್ ವಹಿವಾಟು ಇಲ್ಲದ ಷೇರುಗಳಿಗೆ ದಿನಕ್ಕೆ ಶೇ. 2, 5, 10 ಅಥವಾ 20ರ ಸರ್ಕಿಟ್ ಮಿತಿ ಇರುತ್ತದೆ. ಷೇರು ಕೆಳಗಿನ ಮಿತಿ ಮುಟ್ಟಿದ ದಿನ ಮಾರುವವರ ಸಾಲು ಉದ್ದವಾಗಿರುತ್ತದೆ, ಕೊಳ್ಳುವವರು ಇರುವುದಿಲ್ಲ. ಶೇ. 5ರ ಮಿತಿಯ ಷೇರು ಸತತ ನಾಲ್ಕು ದಿನ ಹೀಗೆ ಇಳಿದರೆ ಸ್ಟಾಪ್‌ಲಾಸ್ ಇದ್ದೂ ಇಲ್ಲದಂತೆ. ದಿನದ ಸರಾಸರಿ ವಹಿವಾಟಿನ ಶೇ. 1ಕ್ಕಿಂತ ಹೆಚ್ಚು ತಾನೊಬ್ಬನೇ ಕೊಳ್ಳಬೇಕಾಗಿ ಬರುವ ಷೇರನ್ನು ಪಟ್ಟಿಯಿಂದ ಕೈಬಿಡುವುದೇ ಸರಿ.

ಪದ್ಧತಿಯೇ ಕೆಲಸ ಮಾಡುತ್ತಿಲ್ಲ ಎಂದು ತಿಳಿಯುವುದು ಹೇಗೆ? ಪ್ರತಿ ವಹಿವಾಟಿನ ಪಕ್ಕದಲ್ಲಿ ಅದೇ ಅವಧಿಯಲ್ಲಿ ಸೂಚ್ಯಂಕ ಎಷ್ಟು ಏರಿತು ಎಂಬುದನ್ನೂ ಬರೆದಿಡಬೇಕು. ಏರುಪೇಟೆಯಲ್ಲಿ ಏನನ್ನು ಕೊಂಡರೂ ಲಾಭವೇ. ಅದನ್ನು ಸೆಳವಿನ ಖಾತೆಗೆ ಜಮೆ ಮಾಡಬಾರದು. 50 ವಹಿವಾಟುಗಳ ನಂತರ, ವೆಚ್ಚ ಕಳೆದು, ಸೂಚ್ಯಂಕಕ್ಕಿಂತ ಹೆಚ್ಚಿನದೇನೂ ಉಳಿಯದಿದ್ದರೆ ಸೂಚ್ಯಂಕ ನಿಧಿಯಲ್ಲಿ ಹಣ ಇಡುವುದು ಕಡಿಮೆ ಶ್ರಮದ ದಾರಿ. ಬಂಡವಾಳ ಗರಿಷ್ಠ ಮಟ್ಟದಿಂದ ಶೇ. 6 ಕರಗಿದರೆ ಹೊಸ ಖರೀದಿಯ ಗಾತ್ರವನ್ನು ಅರ್ಧಕ್ಕೆ ಇಳಿಸಬೇಕು. ಶೇ. 10 ಕರಗಿದರೆ ಒಂದು ಫಲಿತಾಂಶದ ಋತುವನ್ನು ಪೂರ್ತಿ ಬಿಟ್ಟು ದಾಖಲೆಗಳನ್ನು ಮೊದಲಿನಿಂದ ಪರಿಶೀಲಿಸಬೇಕು.

ಇಳಿದ ಷೇರನ್ನು ಇನ್ನಷ್ಟು ಕೊಂಡು ಸರಾಸರಿ ಬೆಲೆ ತಗ್ಗಿಸುವುದಕ್ಕೆ ಈ ಪದ್ಧತಿಯಲ್ಲಿ ಜಾಗವೇ ಇಲ್ಲ. ಷೇರು ಏರುತ್ತಲೇ ಇರುತ್ತದೆ ಎಂಬುದಷ್ಟೇ ಅದನ್ನು ಕೊಂಡ ಕಾರಣವಾಗಿತ್ತು. ಇಳಿದಾಗ ಆ ಕಾರಣ ಇಲ್ಲವಾಗುತ್ತದೆ. "ಒಳ್ಳೆಯ ಕಂಪನಿ, ಇದ್ದರೆ ಇರಲಿ" ಎಂದು ದೀರ್ಘಾವಧಿ ಹೂಡಿಕೆಯ ಖಾತೆಗೆ ವರ್ಗಾಯಿಸಿದ ದಿನ ನಿಯಮ ಮುರಿದಂತೆ. ಕೊಳ್ಳುವ ದಿನವೇ ಮಾರುವ ಕೊನೆಯ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಲಾಗದವರು ಈ ಸೆಳವಿಗೆ ಇಳಿಯದಿರುವುದೇ ಲೇಸು.